ಮಗುವಿನ ವಯಸ್ಸು ಒಂದು ಚೀಟಿಯಲ್ಲಿ ದಿನ, ಇನ್ನೊಂದರಲ್ಲಿ ವಾರ, ಮತ್ತೊಂದರಲ್ಲಿ ತಿಂಗಳು: ಯಾಕೆ?

ಪ್ರಶ್ನೆ: ಮೊಮ್ಮಗ ಹುಟ್ಟಿದ್ದು ಮಂಡ್ಯದಲ್ಲಿ. ಕಾಮಾಲೆ ಅಂತ ಮೈಸೂರಿಗೆ ಕರೆದೊಯ್ದಾಗ ಓಪಿಡಿ ಚೀಟಿಯಲ್ಲಿ ‘3 ದಿನ’ ಅಂತ ಇತ್ತು, ವಾರ್ಡಿನಲ್ಲಿ ‘4ನೇ ದಿನ’ ಅಂತ ಬರೆದರು. ಆಮೇಲೆ ಲಸಿಕೆಗೆ ‘6 ವಾರ’ ಅಂದರು, ಈಗಿನ ಚೀಟಿಯಲ್ಲಿ ‘3 ತಿಂಗಳು’ ಅಂತಿದೆ. ಯಾವುದು ಸರಿ? ವರ್ಷ ಅಂತ ಬರೆಯೋದು ಯಾವಾಗಿಂದ? (ಮದ್ದೂರು ತಾಲ್ಲೂಕಿನ ಓದುಗರು)

ಎಲ್ಲವೂ ಸರಿ ಇರಬಹುದು. ಲೆಕ್ಕಕ್ಕೆ ಸುಲಭವಾಗಲಿ ಅಂತ ಮಗು 2025ರ ಜನವರಿ 9, ಗುರುವಾರ ಹುಟ್ಟಿತು ಅಂದುಕೊಳ್ಳೋಣ. ಜನವರಿ 12ಕ್ಕೆ ಮೂರು ದಿನ ತುಂಬಿ ನಾಲ್ಕನೆಯದು ನಡೆಯುತ್ತಿರುತ್ತದೆ. ಓಪಿಡಿಯವರು ತುಂಬಿದ ದಿನ ಬರೆದಿದ್ದಾರೆ, ವಾರ್ಡಿನವರು ನಡೆಯುತ್ತಿರುವ ದಿನ ಬರೆದಿದ್ದಾರೆ. ಹುಟ್ಟಿದ ದಿನವನ್ನು ಸೊನ್ನೆ ಅಂತ ಹಿಡಿದರೋ ಒಂದು ಅಂತ ಹಿಡಿದರೋ ಅನ್ನುವಷ್ಟೇ ವ್ಯತ್ಯಾಸ.

ಕಾಮಾಲೆಯಲ್ಲಿ ದಿನವೂ ದೊಡ್ಡ ಅಳತೆಯೇ. ಅಲ್ಲಿ ಗಂಟೆ ಎಣಿಸುತ್ತಾರೆ. ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಗುವಿಗೆ ನಾಲ್ಕನೇ ದಿನ ಬಿಲಿರುಬಿನ್ 12 ಬಂದರೆ ಸಾಮಾನ್ಯವಾಗಿ ಹಾಲು ಕುಡಿಸಿ, ಮತ್ತೆ ತಂದು ತೋರಿಸಿ ಅಂತ ಕಳಿಸುತ್ತಾರೆ. ಅದೇ 12 ಹುಟ್ಟಿ ಇಪ್ಪತ್ತು ಗಂಟೆಗೇ ಬಂದರೆ ತಕ್ಷಣ ನೀಲಿ ಲೈಟಿನ ಕೆಳಗೆ ಮಲಗಿಸಿ, ಕಾರಣ ಹುಡುಕಲು ಶುರುಮಾಡುತ್ತಾರೆ. ಮೊದಲ 24 ಗಂಟೆಯಲ್ಲಿ ಕಾಣುವ ಹಳದಿಯನ್ನು ಯಾರೂ ಮಾಮೂಲಿ ಅಂತ ಬಿಡುವುದಿಲ್ಲ. ಹಾಗೆಯೇ ತುಂಬು ತಿಂಗಳ ಮಗುವಿಗೆ ಹದಿನಾಲ್ಕು ದಿನ ದಾಟಿಯೂ ಹಳದಿ ಉಳಿದರೆ ಪಿತ್ತನಾಳದ ತೊಂದರೆ ಇದೆಯೇ ಅಂತ ನೋಡಬೇಕು. ‘ಎಳೆಬಿಸಿಲಿಗೆ ಹಿಡೀರಿ, ಹೋಗುತ್ತೆ’ ಅಂತ ಮನೆಯಲ್ಲೇ ವಾರಗಟ್ಟಲೆ ಕಾಯುವುದು ಇಲ್ಲೇ ಅಪಾಯಕ್ಕೆ ತಿರುಗುವುದು.

28 ದಿನ ತುಂಬುವವರೆಗೆ, ನಮ್ಮ ಲೆಕ್ಕದಲ್ಲಿ ಫೆಬ್ರವರಿ 5ರವರೆಗೆ, ಮಗು ನವಜಾತ ಶಿಶು. ಆಮೇಲೆ ವಾರದ ಎಣಿಕೆ. ಲಸಿಕೆ 6, 10, 14 ವಾರಕ್ಕೆ, ಅಂದರೆ ಫೆಬ್ರವರಿ 20, ಮಾರ್ಚ್ 20, ಏಪ್ರಿಲ್ 17. ಮೂರೂ ಗುರುವಾರವೇ. ಪೆಂಟಾವೇಲೆಂಟ್‌ನ ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ ಇರಬೇಕು. ತಿಂಗಳಿಗೆ 28 ದಿನವೂ ಇರುತ್ತದೆ, 31ವೂ ಇರುತ್ತದೆ, ವಾರಕ್ಕೆ ಮಾತ್ರ ಯಾವಾಗಲೂ ಏಳೇ. ನಾಲ್ಕು ವಾರ ಅಂದರೆ ಒಂದು ತಿಂಗಳು ಅಂತ ಹಿಡಿದರೂ ತಪ್ಪುತ್ತದೆ: ಈ ಮಗುವಿಗೆ ಏಪ್ರಿಲ್ 3ಕ್ಕೆ ಹನ್ನೆರಡು ವಾರ, ಮೂರು ತಿಂಗಳು ತುಂಬುವುದು 9ಕ್ಕೆ.

ಈ ಆರು ದಿನಕ್ಕೆ ಏನು ಮಹಾ ಅನ್ನಬೇಡಿ. ಕೆಮ್ಮು ಅಂತ ಬಂದ ಮಗುವಿನ ಉಸಿರನ್ನು ಆಸ್ಪತ್ರೆಯಲ್ಲಿ ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ಎರಡು ತಿಂಗಳು ತುಂಬುವವರೆಗೆ 60 ಅಥವಾ ಹೆಚ್ಚಿದ್ದರೆ ಜೋರು ಉಸಿರಾಟ. ಎರಡು ತಿಂಗಳು ತುಂಬಿತೆಂದರೆ ಗಡಿ 50ಕ್ಕೆ ಇಳಿಯುತ್ತದೆ, ವರ್ಷ ತುಂಬಿದ ಮೇಲೆ 40ಕ್ಕೆ. ನಮ್ಮ ಮಗು ಫೆಬ್ರವರಿ 27ರಂದು ನಿಮಿಷಕ್ಕೆ 54 ಬಾರಿ ಉಸಿರಾಡಿದರೆ ಅದು ಏಳು ವಾರದ ಮಗು, ಬರೀ ಎಣಿಕೆಯ ಮಟ್ಟಿಗೆ ಜೋರಲ್ಲ. ಮಾರ್ಚ್ 20ರಂದು ಕೆಮ್ಮಿನ ಜೊತೆ ಅದೇ 54 ಬಂದರೆ ನ್ಯುಮೋನಿಯಾ ಅಂತ ಹಿಡಿದು ಔಷಧಿ ಶುರುಮಾಡುತ್ತಾರೆ. ಕೌಂಟರಿನಲ್ಲಿ ಏಳು ವಾರವನ್ನು ‘ಎರಡು ತಿಂಗಳಿರಬಹುದು’ ಅಂದುಬಿಟ್ಟರೆ ಗಡಿಯೇ ಬದಲಾಗುತ್ತದೆ. ಅದಕ್ಕೇ ತುಂಬಿದ್ದನ್ನಷ್ಟೇ ಬರೆಯುವುದು, ಮುಂದಿನದಕ್ಕೆ ಏರಿಸುವುದಿಲ್ಲ.

ಮೂರು ತಿಂಗಳ ಆಸುಪಾಸಿನಲ್ಲಿ ವಾರ ಬಿಟ್ಟು ತಿಂಗಳು ಹಿಡಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ತೂಕದ ಕೋಷ್ಟಕದಲ್ಲೂ 13 ವಾರದವರೆಗೆ ವಾರ, ಮುಂದೆ ತಿಂಗಳು.

ಇನ್ನು ವರ್ಷ. ಇದಕ್ಕೆ ಎಲ್ಲರೂ ಒಪ್ಪಿದ ಒಂದೇ ನಿಯಮವಿಲ್ಲ. ಕೆಲವು ಆಸ್ಪತ್ರೆಗಳ ಕಂಪ್ಯೂಟರ್ ಹನ್ನೆರಡು ತಿಂಗಳಿಗೇ ‘1 ವರ್ಷ’ ಅಂತ ಮುದ್ರಿಸುತ್ತದೆ, ಮಕ್ಕಳ ವೈದ್ಯರು ಹೆಚ್ಚಾಗಿ 24 ತಿಂಗಳವರೆಗೆ ತಿಂಗಳನ್ನೇ ಬರೆಯುತ್ತಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಒಂಬತ್ತು ಕಿಲೋ ತೂಗುವ ಗಂಡುಮಗುವಿಗೆ 12 ತಿಂಗಳಾಗಿದ್ದರೆ ಚಿಂತೆಯಿಲ್ಲ. 23 ತಿಂಗಳಾಗಿದ್ದರೆ ಅದು ಕಡಿಮೆ ತೂಕ. ಚೀಟಿಯಲ್ಲಿ ಇಬ್ಬರಿಗೂ ‘1 ವರ್ಷ’! ಎರಡು ವರ್ಷಕ್ಕೆ ಅಳೆಯುವ ಕ್ರಮವೂ ಬದಲಾಗುತ್ತದೆ: ಅಲ್ಲಿಯವರೆಗೆ ಮಲಗಿಸಿ ಉದ್ದ, ಆಮೇಲೆ ನಿಲ್ಲಿಸಿ ಎತ್ತರ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಬೆಳವಣಿಗೆ ನೋಡುವಾಗ ಮುಂಚೆ ಹುಟ್ಟಿದಷ್ಟು ವಾರ ಕಳೆಯುವುದೂ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ (ಲಸಿಕೆಗೆ ಮಾತ್ರ ಹಾಗೆ ಕಳೆಯುವುದಿಲ್ಲ). ಆಮೇಲೂ ಐದು ವರ್ಷದವರೆಗೆ ‘2 ವರ್ಷ 3 ತಿಂಗಳು’ ಅಂತ ಬರೆಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ತೂಕದ ಪಟ್ಟಿ 60 ತಿಂಗಳವರೆಗೂ ತಿಂಗಳಲ್ಲೇ ಇರುತ್ತದೆ.

ನೋಂದಣಿ ಕೌಂಟರಿನಲ್ಲಿ ವಯಸ್ಸು ಕೇಳಿದರೆ ತಾಯಿ ಕಾರ್ಡ್ ತೋರಿಸಿ ಹುಟ್ಟಿದ ತಾರೀಖನ್ನೇ ಬರೆಸಿ. ಮೊದಲ ವಾರದಲ್ಲಿ ಹೋಗುವುದಾದರೆ ಹುಟ್ಟಿದ ಗಂಟೆಯನ್ನೂ ಹೇಳಿ.