ಶೇ. 33 ಎಲ್ಲಿಂದ ಬಂತು?

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಮಾಲೀಕರು ಲಾಭ-ನಷ್ಟದ ಹಾಳೆಯನ್ನು ನನ್ನ ಮುಂದಿಟ್ಟರು. ಕೊನೆಯಲ್ಲಿ ‘ಒಟ್ಟು ಲಾಭ ಶೇ. 33.3, ನಿವ್ವಳ ಲಾಭ ಶೇ. 10’ ಎಂದಿತ್ತು. “ನೂರು ರೂಪಾಯಿ ಮಾರಿದ್ರೆ ಮೂವತ್ಮೂರು ಉಳೀತದಲ್ರೀ, ರೇಟು ಹತ್ತು ಪರ್ಸೆಂಟ್ ಇಳಿಸಿದ್ರೂ ನಡೀತದೆ” ಎಂದರು.

ಅಚ್ಚಾದ ಶೇಕಡಾವನ್ನು ನಾನು ನಂಬುವುದಿಲ್ಲ. 1494ರಲ್ಲಿ ಇಟಲಿಯ ಲೂಕಾ ಪಾಚೊಲಿ ವೆನಿಸ್ ವರ್ತಕರ ಜೋಡಿ ನಮೂದು ಪದ್ಧತಿಯನ್ನು ಅಚ್ಚಿಗೆ ತಂದ. ಅಲ್ಲಿ ಪ್ರತಿ ಮೊತ್ತವೂ ಎರಡು ಕಡೆ ಬರೆಯಲ್ಪಡುವುದರಿಂದ ಒಂದು ಕಡೆ ತಪ್ಪಿದರೆ ತಾಳೆಯಾಗುವುದಿಲ್ಲ. ಶೇಕಡಾ ಮಾತ್ರ ಆ ಜೋಡಿಯ ಹೊರಗೆ ನಿಂತಿದೆ. ಖಾತೆ ಪೈಸೆಗೆ ಪೈಸೆ ತಾಳೆಯಾದರೂ ಅದು ತಪ್ಪಿರಬಹುದು.

ಹಾಗಾಗಿ ಮೇಲಿನ ಸಾಲುಗಳಿಗೇ ಹೋದೆವು. ಮಾರಾಟ 42 ಲಕ್ಷ. ವಾಪಸು ಬಂದ ಮಾಲು, ರಿಯಾಯಿತಿ 2 ಲಕ್ಷ ಕಳೆದರೆ ನಿವ್ವಳ ಮಾರಾಟ 40 ಲಕ್ಷ. ಆರಂಭದ ದಾಸ್ತಾನು 3 ಲಕ್ಷ, ಭತ್ತದ ಖರೀದಿ 26 ಲಕ್ಷ, ಕೊನೆಯ ದಾಸ್ತಾನು 4 ಲಕ್ಷ. ಅಂದರೆ ಮಾರಿಹೋದ ಮಾಲಿಗೆ ತಗುಲಿದ್ದು 25 ಲಕ್ಷ. ಭಟ್ಟಿಯ ಕೂಲಿ, ಉರುವಲು ಸೇರಿ 5 ಲಕ್ಷ. ಅಸಲು ಒಟ್ಟು 30 ಲಕ್ಷ, ಒಟ್ಟು ಲಾಭ 10 ಲಕ್ಷ. ಹತ್ತನ್ನು ನಲವತ್ತರಿಂದ ಭಾಗಿಸಿದರೆ ಶೇ. 25.

33.3 ಬಂದದ್ದು ಹತ್ತನ್ನು ಮೂವತ್ತರಿಂದ ಭಾಗಿಸಿದ್ದರಿಂದ. ಅಸಲಿನ ಮೇಲೆ ಎಷ್ಟು ಏರಿಸಿ ಮಾರಿದಿರಿ ಎಂಬುದಕ್ಕೆ ಅದು ಸರಿಯಾದ ಉತ್ತರವೇ. ಆದರೆ ಮಾರಿದ ನೂರರಲ್ಲಿ ಎಷ್ಟು ಉಳಿಯಿತು ಎಂಬುದಕ್ಕಲ್ಲ.

ಇಂಥ ತಪ್ಪು ಹಿಡಿಯಲು ನನಗೆ ಬಹಳ ಇಷ್ಟವಾದ ಒಂದು ದಾರಿಯಿದೆ. ಒಟ್ಟು ಲಾಭದಿಂದ ನಿವ್ವಳ ಲಾಭಕ್ಕೆ ಇಳಿಯುವಾಗ ನಡುವೆ ಹೋಗುವುದು ಬಾಡಿಗೆ, ಲಾರಿ ಬಾಡಿಗೆ, ಬಡ್ಡಿ, ಸವಕಳಿಯಂಥ ಖರ್ಚು. ಇಲ್ಲಿ ಅದು 6 ಲಕ್ಷ, ಅಂದರೆ ಮಾರಾಟದ ಶೇ. 15. ಎರಡು ಶೇಕಡಾಗಳ ಅಂತರವೂ ಅಷ್ಟೇ ಇರಬೇಕು. 25ರಲ್ಲಿ 10 ಕಳೆದರೆ 15, ಸರಿ. 33.3ರಲ್ಲಿ 10 ಕಳೆದರೆ 23.3! ಒಂದು ಮೂಟೆಯನ್ನು ಸೇರಿನಲ್ಲಿ ಅಳೆದು, ಇನ್ನೊಂದನ್ನು ತಕ್ಕಡಿಯಲ್ಲಿ ತೂಗಿ, ಒಂದರಿಂದೊಂದು ಕಳೆದಂತೆ. ಅಂತರ ಕೂಡಿಬರದಿದ್ದರೆ ಎರಡಕ್ಕೂ ಒಂದೇ ಭಾಜಕ ಬಳಸಿಲ್ಲವೆಂದು ಮೊದಲು ಅನುಮಾನಿಸಿ.

ಈ ಪರೀಕ್ಷೆಗೂ ಕಾಣದ ತಪ್ಪುಗಳಿವೆ. 4 ಲಕ್ಷದ ಕೊನೆಯ ದಾಸ್ತಾನನ್ನು 5 ಎಂದು ಬರೆದರೆ ಒಟ್ಟು ಲಾಭ ಶೇ. 27.5ಕ್ಕೆ, ನಿವ್ವಳ ಲಾಭ 12.5ಕ್ಕೆ ಏರುತ್ತದೆ, ಅಂತರ ಮಾತ್ರ ಅದೇ 15. ಅದನ್ನು ತಿಳಿಯಲು ಗೋದಾಮಿಗೆ ಹೋಗಿ ಚೀಲ ಎಣಿಸಲೇಬೇಕು.

ಕೊನೆಗೆ ಮಾಲೀಕರ ಲೆಕ್ಕಕ್ಕೆ ಬಂದೆವು. ಅಷ್ಟೇ ಮಾಲನ್ನು ಹತ್ತು ಪರ್ಸೆಂಟ್ ಇಳಿಸಿ ಮಾರಿದರೆ ಕೈಗೆ ಬರುವುದು 36 ಲಕ್ಷ. ಅಸಲು 30, ಖರ್ಚು 6. ಉಳಿದದ್ದು ಸೊನ್ನೆ.