ಶಿವಮೊಗ್ಗದಲ್ಲಿ ಲೋಲಕ ಗಂಟೆಗೆ 3.6 ಡಿಗ್ರಿ ಮಾತ್ರ ಯಾಕೆ ತಿರುಗುತ್ತದೆ?

ಉದ್ದ ತಂತಿಗೆ ಭಾರದ ಗುಂಡು ಕಟ್ಟಿ ತೂಗಲು ಬಿಟ್ಟರೆ, ಅದು ತೂಗುವ ಗೆರೆ ನೆಲದ ಮೇಲೆ ನಿಧಾನಕ್ಕೆ ತಿರುಗುತ್ತಾ ಹೋಗುತ್ತದೆ. 1851ರಲ್ಲಿ ಫ್ರೆಂಚ್ ವಿಜ್ಞಾನಿ ಫೂಕೋ ಪ್ಯಾರಿಸ್‌ನ ಪ್ಯಾಂಥಿಯನ್‌ನಲ್ಲಿ 67 ಮೀಟರ್ ತಂತಿಗೆ 28 ಕಿಲೋ ಗುಂಡು ಕಟ್ಟಿ ಇದನ್ನು ಜನರೆದುರು ತೋರಿಸಿದ. ಅಲ್ಲಿ ಗಂಟೆಗೆ ಸುಮಾರು 11.3 ಡಿಗ್ರಿ. ನಮ್ಮ ಶಿವಮೊಗ್ಗದಲ್ಲಿ ಬರೀ 3.6. ಸೂತ್ರ ಎಲ್ಲರಿಗೂ ಗೊತ್ತಿರುವುದೇ:

ಗಂಟೆಗೆ ತಿರುಗುವ ಕೋನ = 15.04° × sin φ

φ ಅಂದರೆ ಅಕ್ಷಾಂಶ. 15 ಅಲ್ಲ, 15.04 ಯಾಕೆಂದರೆ ನಕ್ಷತ್ರಗಳಿಗೆ ಹೋಲಿಸಿದರೆ ಭೂಮಿ ಒಂದು ಸುತ್ತು ಮುಗಿಸಲು 24 ಗಂಟೆ ಬೇಕಿಲ್ಲ, 23 ಗಂಟೆ 56 ನಿಮಿಷ ಸಾಕು. ಆದರೆ ಈ ಸೈನ್ ಎಲ್ಲಿಂದ ಬಂತು? ಈ ಟಿಪ್ಪಣಿ ಮುಖ್ಯವಾಗಿ ಅದಕ್ಕೇ.

"ಸಮತಲ ಕದಲುವುದಿಲ್ಲ, ಭೂಮಿಯೇ ತಿರುಗುತ್ತದೆ" ಎನ್ನುವ ಮಾತು

ಎಲ್ಲ ಕಡೆ ವಿವರಣೆ ಶುರುವಾಗುವುದು ಈ ಮಾತಿನಿಂದಲೇ. ಉತ್ತರ ಧ್ರುವದಲ್ಲಿ ಇದು ನೂರಕ್ಕೆ ನೂರು ನಿಜ. ಅಲ್ಲಿ ಲೋಲಕ ತನ್ನ ಪಾಡಿಗೆ ತೂಗುತ್ತಿರುತ್ತದೆ, ಕೆಳಗೆ ನೆಲ ಒಂದು ಸುತ್ತು ಹಾಕುತ್ತದೆ. ನೆಲದ ಮೇಲೆ ನಿಂತವರಿಗೆ ಲೋಲಕವೇ 360 ಡಿಗ್ರಿ ತಿರುಗಿದ ಹಾಗೆ ಕಾಣುತ್ತದೆ.

ಇದನ್ನೇ ಶಿವಮೊಗ್ಗಕ್ಕೆ ಹಚ್ಚಿ ನೋಡಿ. ಭೂಮಿ ಒಂದು ಸುತ್ತು ಮುಗಿಸಿದಾಗ ನಮ್ಮ ನೆಲ ಮೊದಲು ಯಾವ ಕಡೆ ಮುಖ ಮಾಡಿತ್ತೋ ಮತ್ತೆ ಅದೇ ಕಡೆ ಮುಖ ಮಾಡಿರುತ್ತದೆ. ಲೋಲಕದ ಸಮತಲ ಆಕಾಶದಲ್ಲಿ ಕದಲದೇ ಇದ್ದಿದ್ದರೆ, ಅದೂ ನೆಲದ ಮೇಲೆ ಹೊರಟ ಗೆರೆಗೇ ಬಂದು ನಿಲ್ಲಬೇಕಿತ್ತು, ಅಲ್ವಾ? ಆದರೆ ಅದು ನಿಲ್ಲುವುದು ಸುಮಾರು 87 ಡಿಗ್ರಿ ಆಚೆ. ಅಂದರೆ ಧ್ರುವ ಬಿಟ್ಟು ಬೇರೆಲ್ಲೂ ಆ ಮಾತು ಪೂರ್ತಿ ನಿಜವಲ್ಲ.

ಕಾರಣ ಗುರುತ್ವ. ಶಿವಮೊಗ್ಗದಲ್ಲಿ "ಕೆಳಗೆ" ಎನ್ನುವ ದಿಕ್ಕೇ ಭೂಮಿಯ ಜೊತೆ ತಿರುಗುತ್ತಾ ಇರುತ್ತದೆ. ತೂಗುವ ಸಮತಲದಲ್ಲಿ ಆ ದಿಕ್ಕು ಯಾವಾಗಲೂ ಇರಲೇಬೇಕು, ಹಾಗಾಗಿ ಸಮತಲವೂ ಅದರ ಜೊತೆ ವಾಲಲೇಬೇಕು. ಆದರೆ ಗುರುತ್ವ ಅದನ್ನು ವಾಲಿಸುತ್ತದೆಯೇ ಹೊರತು ತಿರುಚುವುದಿಲ್ಲ. ನಿಂತ ತಂತಿಯ ಸುತ್ತ ಸಮತಲವನ್ನು ತಿರುಗಿಸುವ ಬಲ ಯಾವುದೂ ಇಲ್ಲ. "ನೆಲದ ಜೊತೆ ವಾಲು, ಆದರೆ ತಿರುಚಿಕೊಳ್ಳಬೇಡ" ಎಂದು ನಾನು ನೆನಪಿಟ್ಟುಕೊಂಡಿದ್ದೇನೆ. ಈ ಒಂದು ನಿಯಮ ಸಿಕ್ಕರೆ ಉಳಿದದ್ದು ಬರೀ ರೇಖಾಗಣಿತ.

ಮಂಡಕ್ಕಿ ಪೊಟ್ಟಣ

ಭೂಮಿಯ ಮೇಲೆ ಶಿವಮೊಗ್ಗದ ಅಕ್ಷಾಂಶದ ವೃತ್ತ ಎಳೆಯಿರಿ, ಸುಮಾರು 13.93 ಡಿಗ್ರಿ ಉತ್ತರ. ಈಗ ಮಂಡಕ್ಕಿ ಕಟ್ಟಿಕೊಡುವ ಕಾಗದದ ಪೊಟ್ಟಣದಂಥ ಶಂಕುವನ್ನು ಬೋರಲು ಹಾಕಿ ಭೂಮಿಗೆ ತೊಡಿಸಿ. ಅದರ ತುದಿ ಉತ್ತರ ಧ್ರುವದ ನೇರ ಮೇಲೆ ಇರಲಿ, ಕಾಗದ ಭೂಮಿಯನ್ನು ಆ ಒಂದು ವೃತ್ತದಲ್ಲಿ ಮಾತ್ರ ಮುಟ್ಟಲಿ. ಮುಟ್ಟಿದ ಜಾಗದಲ್ಲಿ ಕಾಗದ ಮತ್ತು ನಮ್ಮ ನೆಲ ಒಂದೇ ಇಳಿಜಾರಿನಲ್ಲಿವೆ. ಒಂದು ದಿನದಲ್ಲಿ ಲೋಲಕ ಈ ವೃತ್ತದ ಮೇಲೆ ಪೂರ್ವಕ್ಕೆ ಒಂದು ಸುತ್ತು ಹೋಗುತ್ತದೆ.

ಶಂಕುವನ್ನು ಒಂದು ಕಡೆ ಕತ್ತರಿಸಿ ಮೇಜಿನ ಮೇಲೆ ಹರಡಿ. ಬೀಸಣಿಗೆಯ ಆಕಾರ ಬರುತ್ತದೆ. ವಾಲುವುದೆಲ್ಲ ಈಗ ಮಾಯ, ಕಾಗದ ಚಪ್ಪಟೆ. ತಿರುಚುವ ಬಲ ಇಲ್ಲದ ಕಾರಣ, ಚಪ್ಪಟೆ ಕಾಗದದ ಮೇಲೆ ತೂಗುವ ಗೆರೆ ಮೊದಲಿನಿಂದ ಕೊನೆಯವರೆಗೂ ತನಗೆ ತಾನೇ ಸಮಾನಾಂತರವಾಗಿ ಸಾಗುತ್ತದೆ. ಆದರೆ ಉತ್ತರ ದಿಕ್ಕು ಹಾಗಲ್ಲ. ಉತ್ತರ ಎಂದರೆ ಶಂಕುವಿನ ತುದಿಯ ಕಡೆ. ಅಂಚಿನ ಮೇಲೆ ಮುಂದೆ ಹೋದಂತೆ ತುದಿಯ ಕಡೆಗಿನ ಗೆರೆ ತಿರುಗುತ್ತಾ ಹೋಗುತ್ತದೆ. ಒಂದು ಕತ್ತರಿಸಿದ ಅಂಚಿನಿಂದ ಇನ್ನೊಂದಕ್ಕೆ ಬರುವಾಗ ಅದು ಎಷ್ಟು ತಿರುಗಿತು? ಸರಿಯಾಗಿ ಆ ಬೀಸಣಿಗೆಯ ಕೋನದಷ್ಟು. ಲೋಲಕ ಉತ್ತರದಿಂದ ಸರಿಯುವುದೂ ಅಷ್ಟೇ.

ಕೋನ ಎಂದರೆ ಅಂಚಿನ ಉದ್ದವನ್ನು ತುದಿಯವರೆಗಿನ ದೂರದಿಂದ ಭಾಗಿಸಿದ್ದು. ಭೂಮಿಯ ತ್ರಿಜ್ಯ R ಆದರೆ ಅಂಚು 2πR cos φ, ತುದಿಯವರೆಗೆ R cot φ. ಭಾಗಿಸಿದರೆ 2π sin φ. ಸೈನ್ ಬಂದದ್ದು ಇಲ್ಲಿಂದ.

ನಮ್ಮ ಊರಿನ ಲೆಕ್ಕ ಹಾಕೋಣ. ಅಂಚು ಸುಮಾರು 38,850 ಕಿಲೋಮೀಟರ್, ತುದಿಯವರೆಗಿನ ದೂರ ಸುಮಾರು 25,700. ಭಾಗಿಸಿದರೆ 1.51 ರೇಡಿಯನ್, ಅಂದರೆ 86.7 ಡಿಗ್ರಿ. ಗಂಟೆಗೆ 3.62. ಪೂರ್ತಿ ಸುತ್ತು ಬರಲು ನಾಲ್ಕು ದಿನದ ಮೇಲೆ ಮೂರೂವರೆ ಗಂಟೆ. ಪೂರ್ವಕ್ಕೆ ಹೋದಂತೆ ಉತ್ತರದ ಗೆರೆ ಎಡಕ್ಕೆ ತಿರುಗುವುದರಿಂದ ಲೋಲಕ ನಮಗೆ ಗಡಿಯಾರದ ಮುಳ್ಳಿನ ಹಾಗೆ ತಿರುಗಿದಂತೆ ಕಾಣುತ್ತದೆ. ದಕ್ಷಿಣಾರ್ಧದಲ್ಲಿ ಉಲ್ಟಾ.

ಶಂಕುವನ್ನೇ ಹಿಡಿದು ಎರಡು ತುದಿಗಳನ್ನೂ ಪರೀಕ್ಷಿಸಬಹುದು. ಧ್ರುವದಲ್ಲಿ ಶಂಕು ಚಪ್ಪಟೆಯಾಗಿ ಪೂರ್ತಿ ವೃತ್ತವಾಗುತ್ತದೆ, 360 ಡಿಗ್ರಿ. ಸಮಭಾಜಕದಲ್ಲಿ ಅದು ಕೊಳವೆ. ಹರಡಿದರೆ ಆಯತ, ಉತ್ತರ ದಿಕ್ಕಿನ ಗೆರೆಗಳೆಲ್ಲ ಸಮಾನಾಂತರ, ತಿರುಗುವುದು ಸೊನ್ನೆ.

ಬೆಟ್ಟದ ಎತ್ತರ ಎಲ್ಲಿಯೂ ಬರಲಿಲ್ಲ ನೋಡಿ. ಕೊಡಚಾದ್ರಿಯ ಮೇಲೆ ತೂಗುಹಾಕಿದರೂ ಹೆಚ್ಚುಕಡಿಮೆ ಇದೇ ವೇಗ. ಆಗುಂಬೆಯಲ್ಲಿ ಗಂಟೆಗೆ ಸುಮಾರು 3.5. ಅದಕ್ಕೆ ಕಾರಣ ಘಾಟಿಯ ಎತ್ತರ ಅಲ್ಲ, ಆಗುಂಬೆ ಸ್ವಲ್ಪ ದಕ್ಷಿಣಕ್ಕಿರುವುದು.

ತಂತಿ ಯಾಕೆ ಉದ್ದ ಇರಬೇಕು

ಮೂರು ಮಹಡಿಯ ಮೆಟ್ಟಿಲುಗಳ ನಡುವಿನ ತೆರಪಿನಲ್ಲಿ 10 ಮೀಟರ್ ತಂತಿ ಇಳಿಬಿಟ್ಟಿದ್ದೀರಿ ಎಂದುಕೊಳ್ಳಿ. ಗುಂಡನ್ನು ಅರ್ಧ ಮೀಟರ್ ಎಳೆದು ಬಿಟ್ಟರೆ, ಒಂದು ಗಂಟೆಯಲ್ಲಿ ಗೆರೆಯ ತುದಿ ಸರಿಯಬೇಕಾದದ್ದು ಸುಮಾರು 3 ಸೆಂಟಿಮೀಟರ್. ಸೀಮೆಸುಣ್ಣದ ಗುರುತಿಗೆ ಚೆನ್ನಾಗಿಯೇ ಕಾಣುತ್ತದೆ.

ಆದರೆ ಬಿಡುವಾಗ ಕೈ ಒಂಚೂರು ಪಕ್ಕಕ್ಕೆ ತಳ್ಳಿದರೂ ಗುಂಡು ನೇರ ಗೆರೆಯ ಬದಲು ತೆಳ್ಳಗಿನ ದೀರ್ಘವೃತ್ತದಲ್ಲಿ ಓಡುತ್ತದೆ. ದೀರ್ಘವೃತ್ತಕ್ಕೆ ತನ್ನದೇ ಒಂದು ತಿರುಗುವಿಕೆ ಇದೆ, ಭೂಮಿ ನಿಂತೇ ಇದ್ದರೂ ಅದು ಆಗುತ್ತದೆ. ಅದರ ವೇಗ:

(3/8) × √(g/L) × ab/L²

g ಗುರುತ್ವದ ವೇಗೋತ್ಕರ್ಷ, L ತಂತಿಯ ಉದ್ದ, a ದೀರ್ಘವೃತ್ತದ ಉದ್ದದ ಕಡೆಯ ಅರ್ಧ, b ಅಡ್ಡದ ಅರ್ಧ. a ಅರ್ಧ ಮೀಟರ್, b ಬರೀ 1 ಸೆಂಟಿಮೀಟರ್ ಹಾಕಿ ನೋಡಿ: ಗಂಟೆಗೆ 3.8 ಡಿಗ್ರಿ! ನಾವು ಹುಡುಕುತ್ತಿರುವ 3.62ಕ್ಕಿಂತ ಜಾಸ್ತಿ. ಗುಂಡು ಗಡಿಯಾರದ ದಿಕ್ಕಿಗೆ ಸುತ್ತುತ್ತಿದ್ದರೆ ಎರಡೂ ಸೇರಿ ದುಪ್ಪಟ್ಟಾಗುತ್ತದೆ. ಎದುರು ದಿಕ್ಕಿಗಾದರೆ ಲೋಲಕ ತಿರುಗುವುದೇ ಇಲ್ಲ ಎನಿಸಬಹುದು. ಪ್ಯಾರಿಸ್‌ನಲ್ಲಿ 11 ಡಿಗ್ರಿಯ ಎದುರು ಇದು ಮೂರನೇ ಒಂದು ಭಾಗದ ತಪ್ಪು, ನಮ್ಮಲ್ಲಿ ಇಡೀ ಪ್ರಯೋಗವೇ ಹೋಯಿತು. ಸಮಭಾಜಕದ ಹತ್ತಿರ ಇರುವವರ ಕಷ್ಟ ಇದು.

ಅದೇ a, b ಇಟ್ಟುಕೊಂಡು ತಂತಿಯನ್ನು 20 ಮೀಟರ್ ಮಾಡಿದರೆ ಈ ತಪ್ಪು ಗಂಟೆಗೆ 0.7 ಡಿಗ್ರಿಗೆ ಇಳಿಯುತ್ತದೆ. ಅಷ್ಟು ಎತ್ತರ ಸಿಗದಿದ್ದರೆ a ಕಡಿಮೆ ಮಾಡಿ. ಬಿಡುವಾಗ ಕೈಯಿಂದ ಬಿಡಲೇಬೇಡಿ. ಗುಂಡನ್ನು ದಾರದಿಂದ ಪಕ್ಕಕ್ಕೆ ಎಳೆದು ಕಟ್ಟಿ, ಅಲುಗಾಟ ಪೂರ್ತಿ ನಿಂತ ಮೇಲೆ ದಾರ ಸುಡಿ. ಫೂಕೋ ಮಾಡಿದ್ದೂ ಹಾಗೆಯೇ.

ಬಂದ ತಿರುಗು ಭೂಮಿಯದ್ದೋ, ಮೇಲೆ ತಂತಿ ಕಟ್ಟಿದ ಕಡೆ ಏನಾದರೂ ಓರೆ ಇದೆಯೋ ಎಂದು ತಿಳಿಯಲು, ಒಮ್ಮೆ ಉತ್ತರ-ದಕ್ಷಿಣ, ಒಮ್ಮೆ ಪೂರ್ವ-ಪಶ್ಚಿಮ, ಆಮೇಲೆ ನಡುವಿನ ಎರಡು ಓರೆ ದಿಕ್ಕುಗಳಲ್ಲಿ ಬಿಟ್ಟು ಅಳೆಯಿರಿ. ಭೂಮಿಗೆ ದಿಕ್ಕಿನ ಹಂಗಿಲ್ಲ, ನಾಲ್ಕರಲ್ಲೂ ಒಂದೇ ವೇಗ ಬರಬೇಕು. ಒಂದರಲ್ಲಿ 6, ಇನ್ನೊಂದರಲ್ಲಿ 1 ಬಂದರೆ ಮೊದಲು ಮೇಲಿನ ಹಿಡಿಕೆಯನ್ನು ಬಿಚ್ಚಿ ನೋಡಿ.