ಟೈರ್ ಫೋಟೊದಲ್ಲಿ ಕಾಣದ ಒಳಬದಿ

"ಹೊಸಾ ಟೈರ್ ಹಾಕ್ಸಬೇಕೇನ್ರಿ? ನೋಡಿ ಹೇಳ್ರಿ."

ಮೊಬೈಲ್‌ಗೆ ಒಂದು ಫೋಟೊ, ಕೆಳಗೆ ಇಷ್ಟೇ ಮಾತು. ಕಲಬುರಗಿಯಲ್ಲಿ ವೀಲ್ ಅಲೈನ್‌ಮೆಂಟ್ ಕೆಲಸ ಮಾಡುವ ನನಗೆ ಮಳೆಗಾಲ ಹತ್ತಿರ ಬಂದ ಹಾಗೆ ಇಂಥ ಫೋಟೊಗಳು ಜಾಸ್ತಿಯಾಗುತ್ತವೆ. ಕೇಳುವವರಿಗೆ ಹೌದು ಅಥವಾ ಇಲ್ಲ ಅಂದರೆ ಸಾಕು. ಒಂದು ಫೋಟೊ ನೋಡಿ "ಹೌದು" ಅನ್ನಬಹುದು: ಒಳಗಿನ ತಂತಿ ಕಾಣುತ್ತಿದ್ದರೆ, ರಬ್ಬರ್ ನುಣ್ಣಗಾಗಿದ್ದರೆ ಮಾತು ಮುಗಿಯಿತು. "ಇಲ್ಲ, ಇನ್ನೂ ಓಡಿಸಿ" ಅನ್ನಲು ಮಾತ್ರ ಒಂದು ಫೋಟೊ ಯಾವತ್ತೂ ಸಾಲದು. ಯಾಕೆ ಅಂತ ಸೇಡಂ ಕಡೆಯ ಒಬ್ಬ ಮಾಸ್ತರು ಕಳಿಸಿದ ಫೋಟೊ ಇಟ್ಟುಕೊಂಡೇ ಹೇಳುತ್ತೇನೆ.

ಅದು ಕಾರಿನ ಮುಂದಿನ ಎಡಗಾಲಿಯ ಫೋಟೊ. ಪಕ್ಕದಲ್ಲಿ ನಿಂತು, ಫ್ಲ್ಯಾಶ್ ಹಾಕಿ ತೆಗೆದದ್ದು. ಹೊರಬದಿಯ ಗ್ರೂವ್, ಅಂದರೆ ರಬ್ಬರಿನಲ್ಲಿ ಕೊರೆದ ಕಾಲುವೆ, ಚೆನ್ನಾಗಿಯೇ ಕಾಣುತ್ತಿತ್ತು. ನೋಡಿದ ಯಾರೇ ಆದರೂ "ಇನ್ನೊಂದು ವರ್ಷ ಓಡ್ತದ ಬಿಡ್ರಿ" ಅನ್ನುತ್ತಿದ್ದರು. ಆದರೆ ಆ ಫೋಟೊದಲ್ಲಿ ಎರಡು ಕೊರತೆ ಇದ್ದವು. ಮೊದಲನೆಯದು, ಫ್ಲ್ಯಾಶ್ ನೇರವಾಗಿ ಬಿದ್ದರೆ ಗ್ರೂವ್‌ನೊಳಗೆ ನೆರಳೇ ಬೀಳುವುದಿಲ್ಲ. ನೆರಳಿಲ್ಲದಿದ್ದರೆ ಎರಡು ಮಿಲಿಮೀಟರ್ ಆಳವೂ ಐದು ಮಿಲಿಮೀಟರ್ ಆಳವೂ ಕಣ್ಣಿಗೆ ಹೆಚ್ಚು ಕಡಿಮೆ ಒಂದೇ. ಎರಡನೆಯದು, ಟೈರಿನ ಒಳಬದಿಯ ಅರ್ಧ ಅದರಲ್ಲಿ ಇರಲೇ ಇಲ್ಲ.

"ಸರ, ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸ್ರಿ. ಗಾಲಿಯ ಮುಖ ಹೊರಗೆ ಬರ್ತದ. ಮೊಬೈಲನ್ನ ಟೈರಿನ ಎದುರು ನೇರವಾಗಿ ಹಿಡಿರಿ, ಇನ್ಯಾರಾದರೂ ಪಕ್ಕದಿಂದ ಬ್ಯಾಟರಿ ಬಿಡ್ಲಿ. ಫ್ಲ್ಯಾಶ್ ಬ್ಯಾಡ" ಅಂದೆ. ಬೆಳಕು ಓರೆಯಾಗಿ ಬಿದ್ದರೆ ಗ್ರೂವ್‌ನ ಅಂಚಿನ ನೆರಳು ತಳದ ಮೇಲೆ ಬೀಳುತ್ತದೆ. ಆಳ ಜಾಸ್ತಿ ಇದ್ದಷ್ಟೂ ನೆರಳು ಅಗಲ.

ಇನ್ನು ಅಳತೆ. ಫೋಟೊದಲ್ಲಿ ಸ್ಕೇಲ್ ಇಲ್ಲ, ನಿಜ. ಆದರೆ ಟೈರ್ ಮಾಡುವವರೇ ಒಂದು ಸ್ಕೇಲನ್ನು ಒಳಗೆ ಇಟ್ಟಿರುತ್ತಾರೆ. ಕಾರಿನ ಟೈರಿನ ಮುಖ್ಯ ಗ್ರೂವ್‌ಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಒಂದು ಸಣ್ಣ ರಬ್ಬರ್ ದಿಬ್ಬ ಇರುತ್ತದೆ. ಎತ್ತರ 1.6 ಮಿಲಿಮೀಟರ್. ಟೈರ್ ಸವೆದು ಈ ದಿಬ್ಬಕ್ಕೆ ಸಮವಾದರೆ ಅದರ ಆಯಸ್ಸು ಮುಗಿದಂತೆ. ದಿಬ್ಬ ಎಲ್ಲಿದೆ ಅಂತ ತೋರಿಸಲು ಟೈರಿನ ಭುಜದ ಮೇಲೆ ಸಣ್ಣ ತ್ರಿಕೋನವೋ, ಟಿಡಬ್ಲ್ಯುಐ ಅನ್ನುವ ಅಕ್ಷರಗಳೋ ಇರುತ್ತವೆ. ಗ್ರೂವ್‌ನ ಉದ್ದಕ್ಕೆ ನೋಡುವ ಹಾಗೆ, ದಿಬ್ಬ ಕಾಣುವ ಹಾಗೆ ಫೋಟೊ ತೆಗೆದರೆ ಅಂದಾಜು ಸುಲಭ. ದಿಬ್ಬದ ಮೇಲೆ ಇನ್ನೂ ದಿಬ್ಬದಷ್ಟೇ ಎತ್ತರ ಉಳಿದಿದ್ದರೆ ಒಟ್ಟು ಆಳ ಸುಮಾರು 3.2. ಅದರ ಎರಡರಷ್ಟು ಉಳಿದಿದ್ದರೆ 4.8. ಹೊಸ ಟೈರಿನಲ್ಲಿ ಏಳೆಂಟು ಮಿಲಿಮೀಟರ್ ಇರುತ್ತದೆ. ಇನ್ನೂ ಖಚಿತ ಬೇಕೆಂದರೆ ಒಂದು ಬೆಂಕಿಕಡ್ಡಿ ಸಾಕು. ದಿಬ್ಬ ಇಲ್ಲದ ಜಾಗದಲ್ಲಿ ಗ್ರೂವ್ ತಳಕ್ಕೆ ಮುಟ್ಟಿಸಿ, ಟೈರಿನ ಮೇಲ್ಮಟ್ಟಕ್ಕೆ ಉಗುರು ಒತ್ತಿ ಗುರುತು ಮಾಡಿ, ಸ್ಕೇಲಿನ ಮೇಲೆ ಇಟ್ಟು ನೋಡಿ.

ಮಾಸ್ತರು ಹೊರಗಿನ ಗ್ರೂವ್, ನಡುವಿನದು, ಒಳಗಿನದು ಅಂತ ಮೂರು ಕಡೆ ಅಳೆದು ಕಳಿಸಿದರು. ಹೊರಗೆ ನಾಲ್ಕೂವರೆ, ನಡುವೆ ನಾಲ್ಕು, ಒಳಗೆ ಒಂದೂವರೆಗೂ ಕಮ್ಮಿ. ಹೊಸ ಫೋಟೊದಲ್ಲಿ ಒಳಬದಿಯ ದಿಬ್ಬ ಮೇಲ್ಮೈಯಲ್ಲಿ ಕಲೆತೇ ಹೋಗಿತ್ತು. ಹೊರಗಡೆ ಚೆನ್ನಾಗಿ ಕಂಡ ಟೈರು ಒಳಗಡೆ ಮುಗಿದಿತ್ತು.

ಈಗ ಪ್ರಶ್ನೆಯೇ ಬದಲಾಯಿತು. ಹೊಸ ಟೈರ್ ಬೇಕು, ಅದು ಸರಿ. ಆದರೆ ಸುಮ್ನೆ ಟೈರ್ ಬದಲಿಸಿದರೆ ಅದೂ ಹೀಗೇ ಹೋಗುತ್ತದೆ. ಸವೆದ ರೀತಿ ಕಾರಣ ಹೇಳುತ್ತದೆ, ಕಾಲು ಓರೆ ಇಡುವವರ ಚಪ್ಪಲಿ ಒಂದೇ ಬದಿ ಸವೆದ ಹಾಗೆ. ಹವಾ ಜಾಸ್ತಿ ಇದ್ದರೆ ನಡುವೆ ಸವೆಯುತ್ತದೆ. ಕಮ್ಮಿ ಇದ್ದರೆ ಎರಡೂ ಅಂಚು ಸವೆಯುತ್ತವೆ. ಒಂದೇ ಅಂಚು ಹೋದರೆ ಗಾಲಿ ನಿಂತ ಕೋನದಲ್ಲಿ ತಪ್ಪಿದೆ ಅಂತ ಅರ್ಥ.

ಎರಡು ಮಾತು ಕೇಳಿದೆ. ಬಲಗಾಲಿಯ ಒಳಬದಿಯೂ ಹೀಗೇ ಇದೆಯಾ? ನೇರ ರಸ್ತೆಯಲ್ಲಿ ಹೋಗುವಾಗ ಸ್ಟಿಯರಿಂಗ್ ಸರಿಯಾಗಿ ನಡುವೆ ನಿಲ್ಲುತ್ತಾ? ಬಲಗಾಲಿಯೂ ಹಾಗೇ ಇತ್ತು. ಸ್ಟಿಯರಿಂಗ್ ಸ್ವಲ್ಪ ವಾಲಿಕೊಂಡೇ ಇರುತ್ತದೆ ಅಂದರು, ಒಂದು ಗುಂಡಿಗೆ ಜೋರಾಗಿ ಬಿದ್ದಾಗಿನಿಂದ. ಒಂದೇ ಗಾಲಿ ಸವೆದಿದ್ದರೆ ಆ ಗಾಲಿಯ ಮೇಲ್ಭಾಗ ಒಳಕ್ಕೆ ವಾಲಿದೆಯೇ ಅಂತ ನೋಡುತ್ತಿದ್ದೆ. ಎರಡೂ ಸವೆದಿವೆ, ಸ್ಟಿಯರಿಂಗೂ ಓರೆ ಅಂದರೆ ಟೋ ತಪ್ಪಿರುವ ಸಾಧ್ಯತೆ ಜಾಸ್ತಿ. ಅಂದರೆ ಮುಂದಿನ ಎರಡು ಗಾಲಿಗಳ ಮೂತಿ ಹೊರಕ್ಕೆ ತಿರುಗಿದೆ. ಪೆಟ್ಟು ಬಿದ್ದದ್ದು ಒಂದೇ ಗಾಲಿಗಾದರೂ ಎರಡೂ ಸವೆಯುತ್ತವೆ, ಯಾಕೆಂದರೆ ಗಾಡಿ ನೇರ ಓಡುವಾಗ ಆ ತಪ್ಪನ್ನು ಎರಡು ಗಾಲಿಗಳೂ ಸಮನಾಗಿ ಹಂಚಿಕೊಳ್ಳುತ್ತವೆ.

ಇದು ಎಷ್ಟು ಸಣ್ಣ ತಪ್ಪು ಗೊತ್ತಾ? ಒಂದು ಗಾಲಿ ಕಾಲು ಡಿಗ್ರಿ ಓರೆಯಾಗಿದೆ ಅಂದುಕೊಳ್ಳಿ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೆ ಸುಮಾರು 4.4 ಮೀಟರ್ ಅದು ಅಡ್ಡಕ್ಕೆ ಹೋಗಲು ನೋಡುತ್ತದೆ. ಗಾಡಿ ಬಿಡುವುದಿಲ್ಲ. ಆ ಅಡ್ಡ ಎಳೆತವನ್ನು ರಬ್ಬರ್ ಸ್ವಲ್ಪ ಬಾಗಿ, ಸ್ವಲ್ಪ ರಸ್ತೆಗೆ ಉಜ್ಜಿಕೊಂಡು ತೀರಿಸಬೇಕು. ಐವತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಇದು 220 ಮೀಟರ್ ಆಗುತ್ತದೆ, ಅದೂ ಒಂದು ಸಲದ ಪ್ರಯಾಣಕ್ಕೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಆ ಕಡೆ ಈ ಕಡೆ ಎಳೆದರೂ ಗೊತ್ತಾಗುತ್ತದೆ. ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ಚುಚ್ಚುತ್ತದೆ. ಇದನ್ನು ಯಾವ ಫೋಟೊವೂ ಹೇಳುವುದಿಲ್ಲ. ತಂತಿ ಹೊರಬಂದಿಲ್ಲ ಅಂತ ನೋಡಿಕೊಂಡೇ ಕೈ ಇಡಿ.

"ಒಳಗಿನ ಒಂದು ಗ್ರೂವ್ ತಾನೇ, ಮಳೆಗಾಲ ಕಳೀಲಿ" ಅಂತ ಮಾಸ್ತರು ಕೇಳಿದರು. ನಾನು ಒಪ್ಪಲಿಲ್ಲ. ಗ್ರೂವ್ ಇರುವುದೇ ನೀರು ಹೊರಹೋಗಲು. ದಾರಿ ಇಲ್ಲದಿದ್ದರೆ ನೀರು ಟೈರಿನಡಿ ಸಿಕ್ಕಿ ಅದನ್ನು ಎತ್ತುತ್ತದೆ, ಆಮೇಲೆ ಬ್ರೇಕೂ ಸ್ಟಿಯರಿಂಗೂ ಮಾತು ಕೇಳುವುದಿಲ್ಲ. ಪೂರ್ತಿ ನುಣ್ಣಗಾದ ಟೈರಿಗೆ, 33 ಪೌಂಡ್ ಹವಾ ಇದ್ದರೆ, ನಿಂತ ನೀರಿನ ಮೇಲೆ ಗಂಟೆಗೆ 95 ಕಿಲೋಮೀಟರ್ ಆಸುಪಾಸಿನಲ್ಲಿ ಹೀಗಾಗುತ್ತದೆ ಅನ್ನುತ್ತದೆ ಹಳೆಯ ವಿಮಾನ ಟೈರ್ ಪ್ರಯೋಗಗಳಿಂದ ಬಂದ ಸೂತ್ರ. ಹವಾ ಕಮ್ಮಿಯಿದ್ದರೆ ಅದಕ್ಕೂ ಮೊದಲೇ. ಹುಮನಾಬಾದ್ ಕಡೆಯ ಹೆದ್ದಾರಿಯಲ್ಲಿ ಆ ವೇಗ ಮುಟ್ಟುವುದು ಏನೂ ದೊಡ್ಡದಲ್ಲ. ಅದಕ್ಕೇ ನಾನು 1.6ರವರೆಗೆ ಕಾಯದೆ, ಮಳೆಗೆ ಮೊದಲು 3 ಮಿಲಿಮೀಟರ್‌ಗೆ ಬಂದ ಟೈರ್ ಬದಲಿಸಿ ಅನ್ನುತ್ತೇನೆ.

ಉಳಿದದ್ದು ಎರಡು ಫೋಟೊ. ಒಂದು ಟೈರಿನ ಪಕ್ಕದ ಗೋಡೆಯದು: ಗುಂಡಿಗೆ ಬಿದ್ದಾಗ ಒಳಗಿನ ದಾರ ತುಂಡಾಗಿ ಉಬ್ಬು ಬಂದಿದ್ದರೆ ಗ್ರೂವ್ ಎಷ್ಟೇ ಇರಲಿ, ಆ ಟೈರ್ ಅವತ್ತೇ ತೆಗೆಯಬೇಕು. ಇನ್ನೊಂದು ತಯಾರಿಕೆಯ ನಾಲ್ಕು ಅಂಕಿಯದು. ಅವರದು 3120, ಅಂದರೆ 2020ರ 31ನೇ ವಾರ. ಈ ಅಂಕಿ ಹಲವು ಸಲ ಒಂದೇ ಬದಿಯ ಗೋಡೆಯಲ್ಲಿ ಇರುತ್ತದೆ, ಕಾಣದಿದ್ದರೆ ಗಾಡಿಯಡಿ ಬಗ್ಗಿ ನೋಡಬೇಕು. ಅವರ ಕಾರಿನ ಹಿಂದಿನ ಎರಡು ಟೈರುಗಳಲ್ಲಿ ಆಳ ಐದರಷ್ಟು ಇತ್ತು, ಬಿರುಕು ಇರಲಿಲ್ಲ, ಉಬ್ಬೂ ಇರಲಿಲ್ಲ.

ಹಾಗಾಗಿ ನಾಲ್ಕು ಬೇಡ, ಎರಡು ಸಾಕು ಅಂದೆ. ಹಿಂದಿನವು ಮುಂದೆ ಬರಲಿ, ಹೊಸವು ಹಿಂದೆ ಹೋಗಲಿ. ತುಂಬಾ ಜನ ಹೊಸದನ್ನು ಮುಂದೆ ಹಾಕಿ ಅನ್ನುತ್ತಾರೆ. ಆದರೆ ಒದ್ದೆ ರಸ್ತೆಯಲ್ಲಿ ಮುಂದಿನ ಗಾಲಿ ಜಾರಿದರೆ ವೇಗ ಇಳಿಸಿ ಹಿಡಿತ ತರಬಹುದು, ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಸಾಮಾನ್ಯ ಚಾಲಕರಿಗೆ ಅದನ್ನು ಸುಧಾರಿಸಲು ಆಗುವುದಿಲ್ಲ. ಟೈರ್ ಹಾಕಿದ ಮೇಲೆ, ಸ್ಟಿಯರಿಂಗಿನ ತಿರುವನ್ನು ಗಾಲಿಗೆ ಮುಟ್ಟಿಸುವ ಟೈ ರಾಡ್ ಬಾಗಿದೆಯಾ ನೋಡಿಸಿ, ಆಮೇಲೆ ಅಲೈನ್‌ಮೆಂಟ್, ಮೊದಲಿನ ಮತ್ತು ಆಮೇಲಿನ ಅಳತೆ ಎರಡೂ ಇರುವ ಚೀಟಿ ಕೇಳಿ ತಗೊಳ್ಳಿ ಅಂತ ಬರೆದು ಕಳಿಸಿದೆ.